ಟೈಮ್ ಸರಿ ಇದ್ದರೂ ಕೋಡ್ ತಪ್ಪು ಅಂತ ಯಾಕೆ ಬರುತ್ತದೆ?

ಪ್ರಶ್ನೆ: ದುಬೈನಿಂದ ಕಲಬುರಗಿಗೆ ವಾಪಸ್ ಬಂದೆ. ಫೋನಿನ ಟೈಮ್ ನಾನೇ ಸರಿಮಾಡಿಕೊಂಡೆ. ಈಗ ಅಥೆಂಟಿಕೇಟರ್ ಆ್ಯಪಿನ ಆರಂಕಿ ಕೋಡ್ ಹಾಕಿದರೆ ಪ್ರತಿಸಲ ತಪ್ಪು ಅಂತಿದೆ. ಏನು ಮಾಡಲಿ?

ಉತ್ತರ: ಮುಳ್ಳು ತಿರುಗಿಸಿದ್ದೀರಿ, ಆದರೆ ಟೈಮ್ ಝೋನ್ ದುಬೈಯದ್ದೇ ಉಳಿದಿರಬೇಕು.

ಆ ಕೋಡ್ ಎಲ್ಲಿಂದಲೂ ಬರುವುದಿಲ್ಲ. ಒಂದು ಗುಟ್ಟಿನ ಕೀ ಮತ್ತು ಈಗಿನ ಸಮಯ ಸೇರಿಸಿ ಫೋನೇ ಅದನ್ನು ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸದು. ಸರ್ವರ್ ಕೂಡ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಇಬ್ಬರೂ ಬಳಸುವುದು ಊರಿನ ಸಮಯವಲ್ಲ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ.

ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ದುಬೈ ನಾಲ್ಕು ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ 10 ಅಂದರೆ ಯುಟಿಸಿ 4:30. ನಿಮ್ಮ ಫೋನ್ ಅದನ್ನು ದುಬೈಯ 10 ಗಂಟೆ ಅಂದುಕೊಂಡು 6:00 ಎಂದು ಲೆಕ್ಕ ಹಾಕುತ್ತಿದೆ. ಒಂದೂವರೆ ಗಂಟೆ ಮುಂದಿನ ಕೋಡ್ ಕೊಡುತ್ತಿದೆ, ಅಷ್ಟೇ! ಸರ್ವರ್‌ಗಳು ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ಹೆಚ್ಚುಕಮ್ಮಿ ಸಹಿಸುತ್ತವೆ, ಇಷ್ಟು ಜಾಸ್ತಿ ಅಲ್ಲ.

ಸೆಟ್ಟಿಂಗ್ಸ್‌ನ ದಿನಾಂಕ ಮತ್ತು ಸಮಯದಲ್ಲಿ ಸಮಯ, ಟೈಮ್ ಝೋನ್ ಎರಡನ್ನೂ ಆಟೋಮ್ಯಾಟಿಕ್ ಮಾಡಿ. ಬ್ರೌಸರಿನಲ್ಲಿ time.is ತೆರೆದರೆ ಗಡಿಯಾರ ಎಷ್ಟು ತಪ್ಪಿದೆ ಎಂದು ತೋರಿಸುತ್ತದೆ. ಆಮೇಲೆ ಹೊಸ ಕೋಡ್ ಬರುವವರೆಗೆ ಕಾದು ಹಾಕಿ.

ಸಿಟ್ಟಿನಲ್ಲಿ ಸುಮ್ನೆ ಆ್ಯಪ್ ಅಳಿಸಬೇಡಿ. ಬ್ಯಾಕಪ್ ಇಲ್ಲದಿದ್ದರೆ ಕೀ ಕೂಡ ಹೋಗುತ್ತದೆ. ಎಸ್ಎಂಎಸ್‌ನಲ್ಲಿ ಬರುವ ಓಟಿಪಿ ಬೇರೆ, ಅದನ್ನು ಸರ್ವರೇ ತಯಾರಿಸುತ್ತದೆ.