ರೂಟರಿನಲ್ಲಿ ನಾನು ಬರೆದ 100 ಎಂಬ ಸಂಖ್ಯೆ

ಪ್ರಶ್ನೆ: ಯಾವ ಸಾಧನಕ್ಕೆ ಮೊದಲು ದಾರಿ ಬಿಡಬೇಕೆಂದು ಹೇಳುವ ರೂಟರಿನ ಕ್ಯುಒಎಸ್ ಆನ್ ಮಾಡಿ ನನ್ನ ಲ್ಯಾಪ್‌ಟಾಪ್‌ಗೆ ಮೊದಲ ಆದ್ಯತೆ ಕೊಟ್ಟಿದ್ದೇನೆ. ಆದರೂ ಮಗ ಗೇಮ್ ಡೌನ್‌ಲೋಡ್ ಹಾಕಿದರೆ ವಿಡಿಯೊ ಮೀಟಿಂಗ್ ತುಂಡಾಗುತ್ತದೆ. ಈಗಿರುವುದು 100 ಎಂಬಿಪಿಎಸ್ ಪ್ಲಾನ್. 300ಕ್ಕೆ ಏರಿಸಲೇ, ಗೇಮಿಂಗ್ ರೂಟರ್ ಕೊಳ್ಳಲೇ?

ಎರಡೂ ಬೇಡ. ನನ್ನ ಮನೆಯಲ್ಲಿಯೂ 100ರ ಪ್ಲಾನ್ ಇತ್ತು, ಡೌನ್‌ಲೋಡ್ ಹಾಕುವ ಮಗನಿದ್ದ, ಆದ್ಯತೆಯ ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪ್ ಎಲ್ಲಕ್ಕಿಂತ ಮೇಲಿತ್ತು. ಒಂದು ಸಂಜೆ ವರ್ಷದ ಲೆಕ್ಕಪತ್ರವನ್ನು ಗ್ರಾಹಕರಿಗೆ ವಿವರಿಸುತ್ತಿದ್ದಾಗ ನನ್ನ ಮಾತು ಮೂರು ಸಲ ಕಡಿದುಹೋಯಿತು, ಮುಂದಿನ ವರ್ಷದ ಕೆಲಸ ಬೇರೊಬ್ಬರ ಪಾಲಾಯಿತು. ಆಗ ಪಕ್ಕದ ಕೋಣೆಯಲ್ಲಿ 90 ಜಿಬಿಯ ಗೇಮ್ ಇಳಿಯುತ್ತಿತ್ತು.

ನಾನು ಮಾಡಿದ ತಪ್ಪು ಒಂದೇ. ಕ್ಯುಒಎಸ್ ಪುಟದಲ್ಲಿ ಒಟ್ಟು ಬ್ಯಾಂಡ್‌ವಿಡ್ತ್ ಎಷ್ಟೆಂದು ರೂಟರ್ ಕೇಳಿದಾಗ, ಬಿಲ್ಲಿನಲ್ಲಿದ್ದ 100 ಎಂಬ ಸಂಖ್ಯೆಯನ್ನೇ ಬರೆದಿದ್ದೆ. ಸಂಜೆ ಹೊತ್ತಿನಲ್ಲಿ ಅಳೆದರೆ ನಮ್ಮ ಲೈನಿನಲ್ಲಿ ನಿಜವಾಗಿ ಬರುತ್ತಿದ್ದದ್ದು 90. ಹತ್ತು ಎಂಬಿಪಿಎಸ್ ವ್ಯತ್ಯಾಸ ಅಷ್ಟೇ ತಾನೆ ಎಂದು ನಿಮಗೆ ಅನ್ನಿಸಬಹುದು, ಆದರೆ ಕ್ಯುಒಎಸ್ ಕೆಲಸ ಮಾಡುವುದೂ ಮಾಡದಿರುವುದೂ ಆ ಹತ್ತರ ಮೇಲೆಯೇ ನಿಂತಿದೆ. ನೀರು ನಿಲ್ಲುವುದು ತೂಬು ಕಿರಿದಾಗಿರುವ ಕಡೆಯಲ್ಲಿ. ಹಾಗೆಯೇ ಪ್ಯಾಕೆಟ್ಟುಗಳು ಸಾಲುಗಟ್ಟುವುದು ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗದ ಹಿಂದೆ. ನನ್ನ ರೂಟರ್ 100ರವರೆಗೆ ಬಿಡಲು ಸಿದ್ಧವಾಗಿತ್ತು, ಆದರೆ 90ಕ್ಕಿಂತ ಹೆಚ್ಚು ಅದರ ಬಳಿಗೆ ಬರುತ್ತಲೇ ಇರಲಿಲ್ಲವಾದ್ದರಿಂದ ಅದರೊಳಗೆ ಸಾಲೇ ಹುಟ್ಟುತ್ತಿರಲಿಲ್ಲ. ಸಾಲು ಇದ್ದದ್ದು ಇಂಟರ್ನೆಟ್ ಕಂಪನಿಯ ಉಪಕರಣದಲ್ಲಿ, ಅಲ್ಲಿ ನನ್ನ ಆದ್ಯತೆಯ ಪಟ್ಟಿಗೆ ಯಾವ ಬೆಲೆಯೂ ಇಲ್ಲ. ಸಾಲೇ ಇಲ್ಲದ ಜಾಗದಲ್ಲಿ ಯಾರನ್ನು ಮುಂದೆ ಬಿಡುವುದು? ಮೂರು ತಿಂಗಳು ನಾನು ಪಟ್ಟಿಯನ್ನೇ ಮೇಲೆ ಕೆಳಗೆ ಮಾಡುತ್ತಿದ್ದೆ, ಆ ಸಂಖ್ಯೆಯನ್ನು ಮುಟ್ಟಲಿಲ್ಲ.

ನಿಮ್ಮಲ್ಲಿಯೂ ಇದೇ ಆಗುತ್ತಿದೆಯೇ ಎಂದು ತಿಳಿಯಲು, ಡೌನ್‌ಲೋಡ್ ಓಡುತ್ತಿರುವಾಗ ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೊಡಿ:

```
ping -t 1.1.1.1
```

ಪಿಂಗ್ ತೋರಿಸುವುದು ಉತ್ತರ ಮರಳಿ ಬರಲು ಹಿಡಿಯುವ ಸಮಯ. ನನಗೆ ಖಾಲಿ ಲೈನಿನಲ್ಲಿ 8 ಮಿಲಿಸೆಕೆಂಡ್ ಇದ್ದದ್ದು ಡೌನ್‌ಲೋಡ್ ವೇಳೆ 240 ದಾಟುತ್ತಿತ್ತು. ವಿಡಿಯೊ ಮೀಟಿಂಗಿಗೆ ಸಾಮಾನ್ಯವಾಗಿ ನಾಲ್ಕು ಎಂಬಿಪಿಎಸ್ ಸಾಕು. ಅದನ್ನು ಕೆಡಿಸುವುದು ವೇಗದ ಕೊರತೆಯಲ್ಲ, ಈ ಕಾಯುವಿಕೆ. ಗೇಮ್ ಡೌನ್‌ಲೋಡ್ ಹತ್ತಾರು ಸಂಪರ್ಕಗಳನ್ನು ತೆರೆದು ಸಿಕ್ಕಷ್ಟನ್ನೂ ತುಂಬಿಕೊಳ್ಳುತ್ತದೆ, 300 ಕೊಟ್ಟರೆ 300ನ್ನೂ ತುಂಬುತ್ತದೆ. ಅದು ಬೇಗ ಮುಗಿಯುತ್ತದೆ ನಿಜ, ಆದರೆ ಮುಗಿಯುವವರೆಗಿನ ಮುಕ್ಕಾಲು ಗಂಟೆ ನಿಮ್ಮ ಮೀಟಿಂಗ್ ಹಾಗೆಯೇ ತುಂಡಾಗುತ್ತಿರುತ್ತದೆ.

ಆದ್ದರಿಂದ ಮನೆಯಲ್ಲಿ ಬೇರೆ ಯಾರೂ ಲೈನ್ ಬಳಸದಿರುವಾಗ, ರೂಟರಿಗೆ ಕೇಬಲ್ ಹಾಕಿ, ಕ್ಯುಒಎಸ್ ಆಫ್ ಮಾಡಿ, ಸಂಜೆಯ ಹೊತ್ತಿನಲ್ಲಿ ಎರಡು ಮೂರು ದಿನ ವೇಗ ಅಳೆಯಿರಿ. ಬಂದವುಗಳಲ್ಲಿ ಕಡಿಮೆಯದನ್ನು ಹಿಡಿದು ಡೌನ್‌ಲೋಡಿಗೆ ಅದರ ಶೇ. 85ರಷ್ಟನ್ನೂ, ಅಪ್‌ಲೋಡಿಗೆ ಶೇ. 90ರಷ್ಟನ್ನೂ ಬರೆಯಿರಿ. ಡೌನ್‌ಲೋಡಿಗೆ ಹೆಚ್ಚು ಜಾಗ ಬಿಡುವುದಕ್ಕೆ ಕಾರಣವಿದೆ: ಆ ಪ್ಯಾಕೆಟ್ಟುಗಳು ಆಗಲೇ ಲೈನ್ ದಾಟಿ ಬಂದಿರುತ್ತವೆ, ರೂಟರ್ ಕೆಲವನ್ನು ತಡೆದು ಅಥವಾ ಬೀಳಿಸಿ, ಕಳುಹಿಸುವವನು ತಾನಾಗಿ ನಿಧಾನಿಸುವಂತೆ ಮಾಡಬೇಕಾಗುತ್ತದೆ. ನಾನು 75 ಬರೆದೆ, ಪಿಂಗ್ 15ರ ಆಸುಪಾಸಿಗೆ ಇಳಿಯಿತು. 90 ಜಿಬಿಯ ಡೌನ್‌ಲೋಡ್ ಸುಮಾರು 2 ಗಂಟೆ 15 ನಿಮಿಷದ ಬದಲು 2 ಗಂಟೆ 40 ನಿಮಿಷ ಹಿಡಿಯುತ್ತದೆ. ಆ ಇಪ್ಪತ್ತೈದು ನಿಮಿಷಕ್ಕೆ ನನ್ನ ಮಗ ಎಂದೂ ತಕರಾರು ಮಾಡಿಲ್ಲ.

ರೂಟರಿನಲ್ಲಿ ಹಾರ್ಡ್‌ವೇರ್ ನ್ಯಾಟ್ ಅಥವಾ ಆಫ್‌ಲೋಡ್ ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಏಕೆಂದರೆ ಅನೇಕ ರೂಟರುಗಳಲ್ಲಿ ಅದು ಪ್ಯಾಕೆಟ್ಟುಗಳನ್ನು ಕ್ಯುಒಎಸ್‌ಗೆ ತೋರಿಸದೆಯೇ ದಾಟಿಸುತ್ತದೆ. ಮಗನ ಕಂಪ್ಯೂಟರ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯ ವೈಫೈಗೆ ನೇರವಾಗಿ ಸೇರಿಕೊಂಡಿದ್ದರೂ ನಿಮ್ಮ ರೂಟರಿನ ಕೈಗೆ ಅದು ಸಿಗುವುದಿಲ್ಲ.

ಸಾಧನವಾರು ಆದ್ಯತೆಯ ಪಟ್ಟಿಯನ್ನು ನಾನೀಗ ಬಳಸುವುದೇ ಇಲ್ಲ. ನಿಮ್ಮ ರೂಟರ್ OpenWrt ಎಂಬ ಉಚಿತ ರೂಟರ್ ತಂತ್ರಾಂಶ ಹಾಕಿಸಿಕೊಳ್ಳುವಂಥದ್ದಾದರೆ, ಅದರಲ್ಲಿ ಸಾಲನ್ನು ನಿಭಾಯಿಸುವ SQM ಪುಟದಲ್ಲಿ `cake` ಆರಿಸಿ, ವೇಗವನ್ನು ಕಿಲೋಬಿಟ್‌ಗಳಲ್ಲಿ, ಅಂದರೆ 75ರ ಬದಲು 75000 ಎಂದು ಬರೆಯಿರಿ. ಅದು ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಇಟ್ಟು ಸರದಿಯಂತೆ ಬಿಡುವುದರಿಂದ, ಸ್ವಲ್ಪವೇ ಕೇಳುವ ಮೀಟಿಂಗ್ ಡೌನ್‌ಲೋಡಿನ ಹಿಂದೆ ಕಾಯಬೇಕಾಗುವುದಿಲ್ಲ.

ಇಷ್ಟಾದ ಮೇಲೂ ಮೀಟಿಂಗ್ ಕಡಿದರೆ, ಅದೇ ಪಿಂಗನ್ನು 1.1.1.1ರ ಬದಲು ರೂಟರಿನ ವಿಳಾಸಕ್ಕೆ ಕೊಡಿ. ಅಲ್ಲಿಯೂ ನೂರಾರು ಮಿಲಿಸೆಕೆಂಡ್ ಕಂಡರೆ ತೊಂದರೆ ಇರುವುದು ನಿಮ್ಮ ವೈಫೈಯಲ್ಲಿ. ಅದಕ್ಕೆ ಈ ಕ್ಯುಒಎಸ್ ಪರಿಹಾರವಲ್ಲ, ಲ್ಯಾಪ್‌ಟಾಪಿಗೊಂದು ಕೇಬಲ್ ಎಳೆಯಬೇಕು.