ರಜಾ ಪಟ್ಟಿಯಲ್ಲಿ ಕಾಣದ ಹಬ್ಬಗಳು

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯ 1998ರ ಎಸ್ಸೆಸ್ಸೆಲ್ಸಿ ತಂಡದವರು. 2026ರ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಒಂದು ಭಾನುವಾರ ಶಾಲೆಯಲ್ಲೇ ಗುರುವಂದನೆ ಮಾಡಬೇಕೆಂದಿದ್ದೇವೆ. ಅರ್ಧದಷ್ಟು ಜನ ಬೆಂಗಳೂರಿನಿಂದ ಬರಬೇಕು. ಸರ್ಕಾರಿ ರಜಾ ಪಟ್ಟಿ ನೋಡಿದೆವು, ಅಕ್ಟೋಬರ್ 11 ಮತ್ತು ನವೆಂಬರ್ 8 ಖಾಲಿ ಇವೆ. ಅಕ್ಟೋಬರ್ 4 ಇಟ್ಟರೆ ಶುಕ್ರವಾರವೂ ರಜೆ, ಎಲ್ಲರಿಗೂ ಅನುಕೂಲ ಎಂದು ಕೆಲವರ ವಾದ. ಯಾವುದು ಸರಿ, ಮೇಡಂ?

ಉತ್ತರ: ಮೂರೂ ಬೇಡ. ಇಂಥ ಪತ್ರ ಪ್ರತಿವರ್ಷ ಬರುತ್ತದೆ, ಪ್ರತಿಸಲವೂ ಅದೇ ರಜಾ ಪಟ್ಟಿಯ ಆಧಾರ. ಸರ್ಕಾರಿ ರಜಾ ಪಟ್ಟಿ ಕಚೇರಿಗಳಿಗಾಗಿ ಮಾಡಿದ್ದು, ಕಾರ್ಯಕ್ರಮ ಮಾಡುವವರಿಗಾಗಿ ಅಲ್ಲ. ಭಾನುವಾರವೇ ಬಿದ್ದ ಹಬ್ಬವನ್ನು ಅದರಲ್ಲಿ ಸೇರಿಸುವುದಿಲ್ಲ, ಏಕೆಂದರೆ ಕಚೇರಿಗೆ ಅಂದು ಹೇಗೂ ರಜೆ. ಎರಡನೇ ಅಥವಾ ನಾಲ್ಕನೇ ಶನಿವಾರ ಬಿದ್ದ ಹಬ್ಬಕ್ಕೂ ಅದೇ ಗತಿ. ಆದೇಶದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ, ಅದನ್ನು ಓದುವವರು ಕಡಿಮೆ. ಹೀಗಾಗಿ 2026ರಲ್ಲಿ ನಿಮ್ಮ ಕಣ್ಣಿಗೆ ಖಾಲಿ ಕಂಡ ನವೆಂಬರ್ 8 ನರಕ ಚತುರ್ದಶಿ. ಅಕ್ಟೋಬರ್ 10ರ ಎರಡನೇ ಶನಿವಾರ ಮಹಾಲಯ ಅಮಾವಾಸ್ಯೆ, ಮರುದಿನ 11ಕ್ಕೆ ನವರಾತ್ರಿ ಆರಂಭ. ನವೆಂಬರ್ 1ರ ರಾಜ್ಯೋತ್ಸವವೂ ಈ ವರ್ಷ ಭಾನುವಾರವೇ. ಪಟ್ಟಿಯಲ್ಲಿ ಹುಡುಕಿದರೆ ಈ ಮೂರೂ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಗೋಡೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ತಿಥಿ, ಹುಣ್ಣಿಮೆ, ಅಮಾವಾಸ್ಯೆ ಇರುವ ಕ್ಯಾಲೆಂಡರ್. ಮೂರು ತಿಂಗಳ ಎಲ್ಲ ಭಾನುವಾರಗಳನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಸೆಪ್ಟೆಂಬರ್ 6, 13, 20, 27, ಅಕ್ಟೋಬರ್ 4, 11, 18, 25, ನವೆಂಬರ್ 1, 8, 15, 22, 29. ಒಳ್ಳೆಯ ದಿನ ಯಾವುದೆಂದು ಹುಡುಕಬೇಡಿ, ಕೆಟ್ಟ ದಿನಗಳನ್ನು ಹೊಡೆದುಹಾಕುತ್ತ ಹೋಗಿ. ಮನಸ್ಸಿಗೆ ಹಿಡಿಸಿದ ದಿನಾಂಕವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ಸಮರ್ಥನೆ ಹುಡುಕುವವರೇ ಕೊನೆಗೆ ಖಾಲಿ ಕುರ್ಚಿಗಳ ಮುಂದೆ ಭಾಷಣ ಮಾಡುವುದು.

ಮೊದಲ ಸುತ್ತು ಹಬ್ಬಗಳದು. ನವೆಂಬರ್ 1, 8, ಅಕ್ಟೋಬರ್ 11 ಹೋದವು. ಅಕ್ಟೋಬರ್ 18ರ ಬೆನ್ನಿಗೇ ಆಯುಧಪೂಜೆ, ವಿಜಯದಶಮಿ, ಜೊತೆಗೆ ಶಾಲೆಗಳಿಗೆ ದಸರಾ ರಜೆ, ಅದೂ ಹೋಯಿತು. ಇನ್ನು ಅಕ್ಟೋಬರ್ 25. ಬೆಂಗಳೂರಿನವರು ಇದನ್ನು ಖಾಲಿ ಎಂದೇ ಹೇಳುತ್ತಾರೆ. ಆದರೆ 25–26ಕ್ಕೆ ಆಶ್ವಯುಜದ ಹುಣ್ಣಿಮೆ, ಎಂದರೆ ನಿಮ್ಮ ಕಡೆಯ ಭೂಮಿ ಹುಣ್ಣಿಮೆ. ಹಿಂದಿನ ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವ ಮನೆಯವರನ್ನು ಸಭೆಗೆ ಕರೆಯುತ್ತೀರಾ? ಇಂಥ ಊರ ಹಬ್ಬಗಳು, ಜಾತ್ರೆಗಳು ಯಾವ ಸರ್ಕಾರಿ ಪಟ್ಟಿಯಲ್ಲೂ ಬರುವುದಿಲ್ಲ. ಊರಲ್ಲೇ ಉಳಿದಿರುವ ನಿಮ್ಮ ಸಹಪಾಠಿಯೊಬ್ಬರನ್ನು, ಸಾಧ್ಯವಾದರೆ ಮಹಿಳೆಯನ್ನು, ಕೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಸೆಪ್ಟೆಂಬರ್ 20ರ ಬಗ್ಗೆಯೂ ಎಚ್ಚರ. ಗಣೇಶ ಚತುರ್ಥಿ 14ಕ್ಕೆ, ಹಾಗಾಗಿ 20 ಏಳನೆಯ ದಿನ, ಅದರಲ್ಲೂ ಭಾನುವಾರ. ಸಾರ್ವಜನಿಕ ಗಣಪತಿಗಳ ವಿಸರ್ಜನೆ ಇಂಥ ದಿನಕ್ಕೇ ಬೀಳುತ್ತದೆ. ಮೆರವಣಿಗೆಯಿಂದ ರಸ್ತೆ ಕಟ್ಟುತ್ತದೆ, ಊರಿನ ಧ್ವನಿವರ್ಧಕ, ಶಾಮಿಯಾನದವರೆಲ್ಲ ಅಲ್ಲೇ ಇರುತ್ತಾರೆ, ಪೊಲೀಸರೂ ಬಂದೋಬಸ್ತಿನಲ್ಲಿ. ಹಬ್ಬದ ದಿನವನ್ನು ತಪ್ಪಿಸಿ ವಿಸರ್ಜನೆಯ ದಿನಕ್ಕೆ ಸಿಕ್ಕಿಬೀಳುವವರನ್ನು ಬಹಳ ನೋಡಿದ್ದೇನೆ.

ಎರಡನೇ ಸುತ್ತಿನಲ್ಲಿ ಭಾನುವಾರವನ್ನು ನೋಡಬೇಡಿ, ಅದರ ಅಕ್ಕಪಕ್ಕದ ಶುಕ್ರವಾರ, ಶನಿವಾರ, ಸೋಮವಾರ ನೋಡಿ. ಸೆಪ್ಟೆಂಬರ್ 12 ಎರಡನೇ ಶನಿವಾರ, 14ರ ಸೋಮವಾರ ಗಣೇಶ, ನಡುವಿನ 13 ಹೊಡೆಯಿರಿ. ಅಕ್ಟೋಬರ್ 2 ಶುಕ್ರವಾರ, ಆದ್ದರಿಂದ 4 ಹೊಡೆಯಿರಿ. ನವೆಂಬರ್ 27ರ ಶುಕ್ರವಾರ ಕನಕ ಜಯಂತಿ, 28 ನಾಲ್ಕನೇ ಶನಿವಾರ, 29ನ್ನೂ ಹೊಡೆಯಿರಿ. ಸೆಪ್ಟೆಂಬರ್ 6ರ ಹಿಂದಿನ ಶುಕ್ರವಾರ ಕೃಷ್ಣ ಜನ್ಮಾಷ್ಟಮಿ. ನಿಮ್ಮ ತಂಡಕ್ಕೆ ಅದು ಅಡ್ಡಿಯಾಗಲಿಕ್ಕಿಲ್ಲ, ಆದರೆ ಸಿದ್ಧತೆಗೆ ಸಮಯ ಉಳಿಯುವುದಿಲ್ಲ, ಮಲೆನಾಡಿನ ಮಳೆಯೂ ಬಿಟ್ಟಿರುವುದಿಲ್ಲ. ಬೇಡ.

ಉದ್ದ ರಜೆ ಬಂದರೆ ಜನ ಬರುತ್ತಾರೆ ಎಂಬುದು ಅತ್ಯಂತ ಹಟಮಾರಿ ನಂಬಿಕೆ. ಮೂರು ದಿನ ರಜೆ ಸಿಕ್ಕ ಬೆಂಗಳೂರಿನ ಕುಟುಂಬ ಮೊದಲು ಮಾಡುವ ಕೆಲಸ ಪ್ರವಾಸದ ಯೋಜನೆ. ಅದರಲ್ಲೂ ನಿಮ್ಮದು ಜೋಗದ ದಾರಿ. ಆ ಗುರುವಾರ ರಾತ್ರಿಯ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ಖಾಸಗಿ ಬಸ್ಸಿನವರು ದರ ಏರಿಸಿರುತ್ತಾರೆ, ಸಾಗರದ ವಸತಿಗೃಹಗಳನ್ನು ಜೋಗ ನೋಡಲು ಬಂದವರು ತುಂಬಿರುತ್ತಾರೆ. ಒಬ್ಬನೇ ಬಂದು ಒಬ್ಬನೇ ಹೋಗುವ ಸಾಧಾರಣ ವಾರಾಂತ್ಯವೇ ಸಹಪಾಠಿಗಳ ಕೂಟಕ್ಕೆ ವಾಸಿ, ಹೆಂಡತಿ ಮಕ್ಕಳ ತಕರಾರೂ ಕಡಿಮೆ.

ಈಗ ಉಳಿದದ್ದು ಸೆಪ್ಟೆಂಬರ್ 27, ನವೆಂಬರ್ 15, ನವೆಂಬರ್ 22.

ಮೂರನೇ ಸುತ್ತು ಪರೀಕ್ಷೆಗಳದು. ಇಲ್ಲಿ ಎಲ್ಲರೂ ವಿದ್ಯಾರ್ಥಿಗಳನ್ನಷ್ಟೇ ಯೋಚಿಸುತ್ತಾರೆ. 1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರ ಮಕ್ಕಳು ಈಗ ಪ್ರೌಢಶಾಲೆಯಲ್ಲೋ ಪಿಯುಸಿಯಲ್ಲೋ ಇರುತ್ತಾರೆ. ಅರ್ಧವಾರ್ಷಿಕ ಪರೀಕ್ಷೆ ಸಾಮಾನ್ಯವಾಗಿ ದಸರಾ ರಜೆಗೆ ಮುಂಚಿನ ವಾರಗಳಲ್ಲಿ ನಡೆಯುತ್ತದೆ. ಹಾಗಾಗಿ ಸೆಪ್ಟೆಂಬರ್ 27ಕ್ಕೆ ನಿಮ್ಮ ತಂಡದ ತಾಯಂದಿರೇ ಬರುವುದಿಲ್ಲ, ನೀವು ಸನ್ಮಾನಿಸಬೇಕಾದವರಲ್ಲಿ ಇನ್ನೂ ಸೇವೆಯಲ್ಲಿರುವ ಶಿಕ್ಷಕರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಕೂತಿರುತ್ತಾರೆ. ಅದು ಪಿತೃಪಕ್ಷದ ಆರಂಭವೂ ಹೌದು. ನನಗೆ ಅದರಿಂದ ಅಡ್ಡಿಯಿಲ್ಲ, ಆದರೆ ಎಂಬತ್ತು ದಾಟಿದ ಮೇಷ್ಟರಿಗೆ ಶಾಲು ಹೊದಿಸುವಾಗ ಅವರ ಮನೆಯವರಿಗೆ ಅಡ್ಡಿಯಿದ್ದೀತು.

ಇದಕ್ಕಿಂತ ದೊಡ್ಡ ತೊಡಕು ಕಟ್ಟಡದ್ದು. ಕೆಪಿಎಸ್‌ಸಿ, ಪರೀಕ್ಷಾ ಪ್ರಾಧಿಕಾರ, ಶಿಕ್ಷಕರ ಅರ್ಹತಾ ಪರೀಕ್ಷೆ ಮುಂತಾದ ನೇಮಕಾತಿ ಮತ್ತು ಅರ್ಹತಾ ಪರೀಕ್ಷೆಗಳು ಬಹುಪಾಲು ಭಾನುವಾರವೇ ನಡೆಯುತ್ತವೆ, ಅದೂ ಶಾಲಾ ಕಾಲೇಜುಗಳಲ್ಲೇ. ನಿಮ್ಮ ಶಾಲೆ ಕೇಂದ್ರವಾಗದಿದ್ದರೂ ಪಕ್ಕದ ಕಾಲೇಜು ಕೇಂದ್ರವಾದರೆ ಸಾಕು, ಸುತ್ತ 200 ಮೀಟರ್ ನಿಷೇಧಾಜ್ಞೆ ಹೊರಡಿಸುತ್ತಾರೆ. ಧ್ವನಿವರ್ಧಕವಿಲ್ಲದೆ ಗುರುವಂದನೆ ಮಾಡುವ ಧೈರ್ಯ ನಿಮಗಿದ್ದರೆ ಸರಿ. ಆದ್ದರಿಂದ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ “ಆ ದಿನ ಸಭಾಂಗಣ ಖಾಲಿಯೇ?” ಎಂದು ಕೇಳಬೇಡಿ. ಖಾಲಿ ಇದೆ ಎಂದೇ ಹೇಳುತ್ತಾರೆ. “ಆ ಭಾನುವಾರ ಯಾವುದಾದರೂ ಪರೀಕ್ಷೆಗೆ ಕೊಠಡಿ ಕೇಳಿ ಪತ್ರ ಬಂದಿದೆಯೇ? ಬಂದರೆ ನಮಗೆ ತಿಳಿಸುತ್ತೀರಾ?” ಎಂದು ಕೇಳಿ. ಇನ್ನೂ ಭರವಸೆ ಬೇಕಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ನವೆಂಬರ್ 15 ಮತ್ತು 22ರ ನಡುವೆ ನಾನು 22 ಎನ್ನುತ್ತೇನೆ. ಬಲಿಪಾಡ್ಯಮಿ 10ನೇ ತಾರೀಕು. ದೀಪಾವಳಿಗೆ ಊರಿಗೆ ಬಂದು, ದೊಡ್ಡ ಹಬ್ಬ ಮುಗಿಸಿ ಬುಧವಾರ ಬೆಂಗಳೂರು ಸೇರಿದವರು ಶನಿವಾರ ಮತ್ತೆ ಬಸ್ ಹತ್ತುವುದಿಲ್ಲ. ಊರಿನವರಷ್ಟೇ ಸೇರುವ ಸಭೆಯಾದರೆ 15 ನಡೆಯುತ್ತದೆ, ನಿಮ್ಮದಕ್ಕಲ್ಲ. ಆದರೆ 22ಕ್ಕೂ ಎರಡು ಕುಂದುಗಳಿವೆ. ಉತ್ಥಾನ ದ್ವಾದಶಿ ಕಳೆಯುತ್ತಿದ್ದಂತೆ ಮದುವೆಗಳು ಶುರುವಾಗುತ್ತವೆ, ಶಾಲೆಯಲ್ಲೇ ಸಭೆಯಾದ್ದರಿಂದ ಕಲ್ಯಾಣ ಮಂಟಪದ ಚಿಂತೆ ನಿಮಗಿಲ್ಲ, ಅಡುಗೆಯವರನ್ನು ಮಾತ್ರ ಮೊದಲೇ ಗೊತ್ತುಮಾಡಿ. ಇನ್ನೊಂದು, 21 ಮೂರನೇ ಶನಿವಾರ, ಸರ್ಕಾರಿ ಕಚೇರಿ, ಬ್ಯಾಂಕ್ ಎರಡಕ್ಕೂ ಕೆಲಸದ ದಿನ. ಆ ನೌಕರರು ಶನಿವಾರ ರಾತ್ರಿ ಹೊರಟು ಬೆಳಿಗ್ಗೆ ಇಳಿಯುತ್ತಾರೆ, ಆದ್ದರಿಂದ ಸಭೆಯನ್ನು ಹತ್ತೂವರೆಗೆ ಮುಂಚೆ ಇಡಬೇಡಿ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ನವೆಂಬರ್ 21ರ ರಾತ್ರಿಯ ಟಿಕೆಟ್ ಸೆಪ್ಟೆಂಬರ್ 22ಕ್ಕೆ ಸಿಗುತ್ತದೆ, ಮರಳುವ ಟಿಕೆಟ್ 23ಕ್ಕೆ. ಎಂದರೆ ಸೆಪ್ಟೆಂಬರ್ ಮೊದಲ ವಾರದೊಳಗೆ ದಿನಾಂಕ ಎಲ್ಲರಿಗೂ ತಲುಪಿರಬೇಕು.

ಯಾವ ಪರೀಕ್ಷೆಯನ್ನು ಯಾವಾಗ ಮುಂದೂಡುತ್ತಾರೆ ಎಂಬುದು ಬ್ರಹ್ಮನಿಗೂ ತಿಳಿಯದು. ಅದಕ್ಕೇ 15ನ್ನು ಮನಸ್ಸಿನಲ್ಲಿಟ್ಟುಕೊಂಡಿರಿ, ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಹಿಂದಿನ ದಿನ ಮುಖ್ಯ ಶಿಕ್ಷಕರಿಗೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.

ಪ್ರಶ್ನೆ: ಕಳೆದ ವರ್ಷ ಯಾವ ವಾರ ಮಾಡಿದ್ದೆವೋ ಈ ವರ್ಷವೂ ಅದೇ ವಾರ ಮಾಡಿದರೆ ಹಬ್ಬಗಳು ತಪ್ಪುತ್ತವೆ ಅಲ್ಲವೇ?

ಉತ್ತರ: ಇಲ್ಲ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕಿತ್ತು, 2026ರಲ್ಲಿ ನವೆಂಬರ್ 8. ನಡುವೆ ಅಧಿಕ ಜ್ಯೇಷ್ಠ ಬಂದಿದೆ.

ಪ್ರಶ್ನೆ: ಮಾರ್ಚ್ ಕಳೆದರೆ ಪರೀಕ್ಷೆಗಳೆಲ್ಲ ಮುಗಿದಂತೆ. ಏಪ್ರಿಲ್, ಮೇ ತಿಂಗಳ ಯಾವ ದಿನವಾದರೂ ಆದೀತೇ?

ಉತ್ತರ: ನೀವು ಹಳೆಯ ಕಾಲದಲ್ಲಿದ್ದೀರಿ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಈಗ ಪರೀಕ್ಷೆ–1ರ ಬಳಿಕ ಪರೀಕ್ಷೆ–2 ಇದೆ. ಏಪ್ರಿಲ್‌ನಲ್ಲಿ ಸಿಇಟಿ ಬರುತ್ತದೆ. ನೀಟ್ ಕಳೆದ ಕೆಲವು ವರ್ಷಗಳಿಂದ ಮೇ ತಿಂಗಳ ಮೊದಲ ಭಾನುವಾರ ನಡೆಯುತ್ತಿದೆ. ಅಂದು ಪಿಯುಸಿ ಮುಗಿಸಿದ ಮಗುವಿರುವ ಮನೆಯನ್ನು ಯಾವುದಕ್ಕೂ ಕರೆಯಬೇಡಿ.

ಪ್ರಶ್ನೆ: ನಮ್ಮ ಸಂಘದ ಹೆಸರಿನ ಅಕ್ಷರ ಲೆಕ್ಕ ಹಾಕಿ, ಸಭೆಗೆ ಕೂಡಿಬರುವ ದಿನ ಹೇಳುತ್ತೇನೆಂದು ಸಂಖ್ಯಾಶಾಸ್ತ್ರಜ್ಞರೊಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಆ ದಿನ ನಿಮ್ಮ ಊರಿನಲ್ಲಿ ಯಾವ ಪರೀಕ್ಷೆ ಇದೆ ಎಂದು ಮೊದಲು ಅವರನ್ನು ಕೇಳಿ. ಅದನ್ನು ಹೇಳಲಾಗದ ಮನುಷ್ಯನಿಗೆ ಕಾಸು ಕೊಡುವುದು ಬೇಡ, ಆ ಹಣದಲ್ಲಿ ಊಟಕ್ಕೆ ಒಂದು ಸಿಹಿ ಹೆಚ್ಚು ಮಾಡಿಸಿ.

ಪ್ರಶ್ನೆ: ಆಷಾಢದಲ್ಲಿ ಸಂಘದ ಸರ್ವಸದಸ್ಯರ ಸಭೆ ಇಡಬಹುದೇ?

ಉತ್ತರ: ಇಡಿ. ಮದುವೆಗಳಿಲ್ಲದ ತಿಂಗಳು, ಮಂಟಪದವರು ಬಾಡಿಗೆ ಇಳಿಸುತ್ತಾರೆ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಮತ ಕೇಳಿ ದಿನಾಂಕ ನಿರ್ಧರಿಸುವುದು ಸರಿಯಲ್ಲವೇ?

ಉತ್ತರ: ಹದಿಮೂರು ಭಾನುವಾರಗಳನ್ನು ಅವರ ಮುಂದಿಟ್ಟರೆ ಹದಿಮೂರಕ್ಕೂ ಮತ ಬೀಳುತ್ತದೆ. ಮೊದಲು ನೀವು ಹೊಡೆದುಹಾಕಿ, ಉಳಿದ ಎರಡನ್ನು ಮಾತ್ರ ಕೇಳಿ, ಉತ್ತರಕ್ಕೆ ಮೂರು ದಿನದ ಗಡುವು ಕೊಡಿ. ಆಮೇಲೆ ಬಂದ ತಕರಾರಿಗೆ ಉತ್ತರಿಸಬೇಡಿ.