ಬರೆಯುವ ಕೈ ಮುರಿದಾಗ ಪರೀಕ್ಷೆಗೆ ಸಹಾಯ ಕೇಳುವ ಪತ್ರ

“ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಪರೀಕ್ಷೆಗೆ ಸಹಾಯ ಕೇಳಿ ಪತ್ರ ಕೊಟ್ಟರೆ ‘ಇಷ್ಟು ಸಾಲದು’ ಅಂತ ವಾಪಸ್ ಕೊಟ್ಟರು. ಏನು ಬರೀಬೇಕು?”

ಬಹುಶಃ ನಿಮ್ಮ ವೈದ್ಯರ ಚೀಟಿಯಲ್ಲಿ ‘ಮೂಳೆ ಮುರಿದಿದೆ, ವಿಶ್ರಾಂತಿ ಬೇಕು’ ಅಂತಷ್ಟೇ ಇದೆ. ನನ್ನ ಪತ್ರವೂ ಇದೇ ಕಾರಣಕ್ಕೆ ವಾಪಸ್ ಬಂದಿತ್ತು.

ಮೊದಲು ವೈದ್ಯರ ಹತ್ತಿರ ಹೊಸ ಪ್ರಮಾಣಪತ್ರ ಬರೆಸಿ. ಬಲಗೈಯೇ ಬರೆಯುವ ಕೈ, ಅದರಲ್ಲಿ ಬರೆಯಲು ಆಗುವುದಿಲ್ಲ, ಇಂಥ ತಾರೀಖಿನವರೆಗೆ ಅನ್ನುವುದು ಅದರಲ್ಲಿ ಇರಲೇಬೇಕು. ಪ್ಲಾಸ್ಟರ್ ತೆಗೆಯುವ ದಿನವನ್ನೇ ಕೊನೆ ಮಾಡಿಸಬೇಡಿ. ಅದು ಬಿಚ್ಚಿದ ಮೇಲೂ ಮಣಿಕಟ್ಟು ಬಿಗಿದುಕೊಂಡಿರುತ್ತದೆ. ಹತ್ತು ನಿಮಿಷ ಬರೆದರೂ ನೋವು ಬರಬಹುದು. ಮೂರು ಗಂಟೆ ಬರೆಯಲು ಯಾವಾಗ ಆಗುತ್ತದೆ ಅಂತ ನೇರವಾಗಿ ಕೇಳಿ.

ಆಮೇಲೆ ಪತ್ರ. ಸುಮ್ನೆ ‘ಸಹಾಯ ಮಾಡಿ’ ಅಂದರೆ ಅವರಿಗೆ ಏನು ಮಂಜೂರು ಮಾಡಬೇಕೋ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

“ಬಲಗೈ ಮೂಳೆ ಮುರಿದಿರುವುದರಿಂದ ನನಗೆ ಬರೆಯಲು ಆಗುತ್ತಿಲ್ಲ. ಕೆಳಗಿನ ಪರೀಕ್ಷೆಗಳಿಗೆ ನಾನು ಹೇಳಿದ್ದನ್ನು ಬರೆಯುವ ಬರಹಗಾರರು, ಹೆಚ್ಚುವರಿ ಸಮಯ ಮತ್ತು ಪ್ರತ್ಯೇಕ ಕೊಠಡಿ ಕೊಡಬೇಕೆಂದು ಕೋರುತ್ತೇನೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ.”

ಕೆಳಗೆ ನೋಂದಣಿ ಸಂಖ್ಯೆ, ಪ್ರತಿ ವಿಷಯದ ಹೆಸರು, ತಾರೀಖು ಹಾಕಿ. ಜೋರಾಗಿ ಹೇಳಿ ಬರೆಸುವಾಗ ಪಕ್ಕದವರಿಗೂ ಕೇಳಿಸುತ್ತದೆ ಅಲ್ವಾ, ಕೊಠಡಿಗೆ ಅದೇ ಕಾರಣ ಕೊಡಿ. ಚಿತ್ರ, ಸಮೀಕರಣ ಇರುವ ವಿಷಯಗಳನ್ನು ಗುರುತು ಮಾಡಿ. ಅಲ್ಲಿ ಸಮಯ ಜಾಸ್ತಿ ಹೋಗುತ್ತದೆ.

ಬರಹಗಾರರನ್ನು ಯಾರು ಹುಡುಕಬೇಕು, ಅವರು ಏನು ಓದಿರಬಹುದು ಅನ್ನುವ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ. ಪತ್ರ ಕೊಡುವಾಗಲೇ ಕೇಳಿ. ಪ್ರತಿಯ ಮೇಲೆ ತಾರೀಖಿನ ಜೊತೆ ‘ಸ್ವೀಕರಿಸಿದೆ’ ಅಂತ ಸಹಿ ಹಾಕಿಸಿಕೊಳ್ಳಿ.